ತಾಳೆ ನೋಡುವ ಕುರ್ಚಿ

ಆಗ ನಮ್ಮ ಅಂಗಡಿಯ ದರ ಹೀಗಿತ್ತು. ಒಂದು ಪುಟ ಟೈಪು ಮಾಡಿದರೆ ಎರಡು ಲೋಟ ಟೀ ಬೆಲೆ. ತಪ್ಪು ನಮ್ಮದಾದರೆ ತಿದ್ದುವುದು ಪುಕ್ಕಟೆ. ಗಿರಾಕಿ ಮನಸ್ಸು ಬದಲಾಯಿಸಿದರೆ ಪುಟಕ್ಕೆ ಒಂದು ಲೋಟದ ಬೆಲೆ. ಇಷ್ಟು ಆ ಬೀದಿಯ ಎಲ್ಲ ಅಂಗಡಿಗಳಲ್ಲೂ ಇದ್ದದ್ದೇ. ನಮ್ಮಲ್ಲಿ ಮಾತ್ರ ಇನ್ನೊಂದು ದರವಿತ್ತು. ತಿದ್ದಿದ ಮೇಲೆ ಇಡೀ ಕಟ್ಟನ್ನು ತಾಳೆ ನೋಡುವುದಕ್ಕೆ ಒಂದು ಊಟದ ಬೆಲೆ.

ಇದಕ್ಕೆ ಗಿರಾಕಿಗಳು ಮೂಗು ಮುರಿಯುತ್ತಿದ್ದರು.

"ತಿದ್ದೋದಕ್ಕೂ ದುಡ್ಡು, ತಿದ್ದಿದ್ದನ್ನ ನೋಡೋದಕ್ಕೂ ದುಡ್ಡಾ?"

"ಬೇಡ ಅಂದ್ರೆ ಹಾಗೇ ತಗೊಂಡ್ಹೋಗಿ," ಎನ್ನುತ್ತಿದ್ದರು ನಮ್ಮ ಅತ್ತೆ. "ಆಮೇಲೆ ಕಚೇರಿ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆದ್ರೆ ಆ ಖರ್ಚು ನಿಮ್ದು."

ಹತ್ತರಲ್ಲಿ ಒಂಬತ್ತು ಜನ ಗೊಣಗಿಕೊಂಡೇ ಕೂತುಬಿಡುತ್ತಿದ್ದರು.

ಅಂಗಡಿ ಅಂದರೆ ಒಂದೇ ಕೋಣೆ. ಎದುರಿಗೆ ಪರವಾನಗಿ ಕಚೇರಿ, ಪಕ್ಕದಲ್ಲಿ ಮೊಹರು ಕೆತ್ತುವವನ ಗೂಡು. ಒಳಗೆ ಎರಡು ಮೇಜು, ಮುಖಕ್ಕೆ ಮುಖ. ಒಂದರ ಮೇಲೆ ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಕಂಪ್ಯೂಟರ್ ಬಂತು. ಅದು ನನ್ನದು. ಇನ್ನೊಂದರ ಮೇಲೆ ಏನೂ ಇರುತ್ತಿರಲಿಲ್ಲ. ಅಲ್ಲಿ ಕಾಗದ ಹರಡುವುದಕ್ಕೆ ಜಾಗ ಬೇಕು ಎಂದು ಅತ್ತೆ ಒಂದು ಲೋಟವನ್ನೂ ಇಡಲು ಬಿಡುತ್ತಿರಲಿಲ್ಲ. ಅದರ ಹಿಂದಿನ ಮರದ ಕುರ್ಚಿಯೇ ತಾಳೆ ನೋಡುವ ಕುರ್ಚಿ. ಅದರ ಒಂದು ಕೈ ಅತ್ತೆಯ ಮೊಣಕೈ ಊರಿ ಊರಿ ನುಣುಪಾಗಿ ತಗ್ಗಾಗಿತ್ತು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಅಡುಗೆ ಹೇಳಿಕೊಡಲಿಲ್ಲ, ತಾಳೆ ನೋಡುವುದನ್ನು ಹೇಳಿಕೊಟ್ಟರು. "ಸಾರಿಗೆ ಉಪ್ಪು ಜಾಸ್ತಿ ಆದ್ರೆ ನನ್ನ ಮಗ ಒಂದೊತ್ತು ಮುಖ ಗಂಟಾಕ್ಕೋತಾನೆ, ಅಷ್ಟೇ. ಇಲ್ಲಿ ಒಂದು ಅಂಕಿ ಜಾಸ್ತಿ ಆದ್ರೆ ಒಬ್ಬರ ಬದುಕೇ ಗಂಟು," ಎಂದರು.

ಅವರ ಪ್ರಕಾರ ಕಾಗದದಲ್ಲಿ ಒಂಟಿ ಮಾತು ಅನ್ನುವುದೇ ಇಲ್ಲ. ಪ್ರತಿಯೊಂದಕ್ಕೂ ನೆಂಟರಿರುತ್ತಾರೆ. ಮೊದಲ ಪುಟದಲ್ಲಿ ಒಂದು ಹೆಸರು ತಿದ್ದಿದರೆ ಐದನೆಯ ಪುಟದಲ್ಲಿ ಅದರ ತಮ್ಮ, ಕೊನೆಯ ಪುಟದಲ್ಲಿ ಅದರ ಭಾವ ಕೂತಿರುತ್ತಾನೆ. "ಮನೇಲಿ ಸಾವಾದ್ರೆ ಎಲ್ಲಾ ನೆಂಟರಿಗೂ ಸುದ್ದಿ ಮುಟ್ಟಿಸ್ತೀವೋ ಇಲ್ವೋ? ಒಬ್ಬನಿಗೆ ಹೇಳದೆ ಬಿಟ್ರೆ ಅವನು ಹದಿಮೂರನೇ ದಿನ ಹಣ್ಣು ಹಿಡ್ಕೊಂಡು, 'ಯಜಮಾನ್ರು ಹುಷಾರಾಗಿದಾರಾ?' ಅಂತ ಬಾಗಿಲಿಗೆ ಬರ್ತಾನೆ. ಅಷ್ಟೇ, ಮರ್ಯಾದೆ ಹೋಯ್ತು!"

ಆದ್ದರಿಂದ ತಿದ್ದಿದ ಮೇಲೆ ನಮ್ಮಲ್ಲಿ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಬರೀ ಹೆಸರುಗಳು. ನಾನು ಓದಬೇಕು, ಅತ್ತೆ ಕೇಳಬೇಕು. ಎರಡನೆಯದರಲ್ಲಿ ಬರೀ ಹುದ್ದೆಗಳು, ಯಾರು ಯಾವ ಪುಟದಲ್ಲಿ ಏನಾಗಿದ್ದಾರೆ ಎಂದು. ಮೂರನೆಯದರಲ್ಲಿ ಬರೀ ಅಂಕಿಗಳು. ಎಲ್ಲವನ್ನೂ ಒಟ್ಟಿಗೆ ಓದಿದರೆ ಕಥೆ ಓದಿದ ಹಾಗಾಗುತ್ತದೆ, ಮನಸ್ಸು ಜಾರುತ್ತದೆ ಎನ್ನುವುದು ಅತ್ತೆಯ ಲೆಕ್ಕ. ನಾಲ್ಕನೆಯ ಸುತ್ತಿಗೆ ಮುಟ್ಟುವ ಸುತ್ತು ಎಂದು ಹೆಸರು. ಅರ್ಜಿಯಲ್ಲಿ ಹೇಳಿದ ಪ್ರತಿ ಲಗತ್ತನ್ನೂ ಆ ಖಾಲಿ ಮೇಜಿನ ಮೇಲೆ ಹರಡಿ, ಕೈಯಿಂದ ಮುಟ್ಟಿ, ಇದು ಎಷ್ಟನೆಯದು, ಯಾರ ಹೆಸರಲ್ಲಿದೆ, ಯಾವ ತಾರೀಖಿನದು ಎಂದು ಜೋರಾಗಿ ಹೇಳುವುದು. ಆ ಸುತ್ತನ್ನು ಅತ್ತೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ನಾನು ಪ್ರಿಂಟು ತೆಗೆಯುವಷ್ಟರಲ್ಲಿ ಒಬ್ಬರೇ ಮುಗಿಸಿಬಿಡುತ್ತಿದ್ದರು.

ಮಧ್ಯಾಹ್ನದ ಬಿಸಿಲು, ಫ್ಯಾನಿನ ಕಿರುಗುಟ್ಟು, ಪಕ್ಕದ ಗೂಡಿನಿಂದ ರಬ್ಬರು ಕೆತ್ತುವ ಸದ್ದು, ನಾನು ಒಂದೇ ಸಮನೆ ಹೆಸರು ಓದುವುದು, ಎದುರಿನಿಂದ ಅತ್ತೆಯ "ಹ್ಞೂಂ... ಹ್ಞೂಂ..." ಎಲ್ಲಾದರೂ ತಪ್ಪಿದರೆ ಆ ಹ್ಞೂಂ ನಿಲ್ಲುತ್ತಿತ್ತು. ಅವರು ತಪ್ಪು ಎಂದು ಹೇಳುತ್ತಿರಲಿಲ್ಲ. ಸುಮ್ಮನಾಗುತ್ತಿದ್ದರು, ಅಷ್ಟೇ. ನನಗೆ ಈಗಲೂ ಆ ಮೌನ ಕೇಳಿಸಿದರೆ ಬೆರಳು ತಾನಾಗಿ ನಿಲ್ಲುತ್ತದೆ.

ಸಿಸ್ಟರಮ್ಮ ಬಂದದ್ದು ಅಂಥದೇ ಒಂದು ಮಧ್ಯಾಹ್ನ. ಎರಡು ಬೀದಿ ಆಚೆ ಸಣ್ಣದೊಂದು ಹೆರಿಗೆ ಮನೆ ನಡೆಸುತ್ತಿದ್ದ ನರ್ಸ್ ಆಕೆ. ನನ್ನ ಎರಡು ಮಕ್ಕಳನ್ನೂ ಮೊದಲು ಎತ್ತಿಕೊಂಡದ್ದು ಅವರ ಕೈ. ಬಂದವರೇ ಕಟ್ಟನ್ನು ಮೇಜಿನ ಮೇಲೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ವಾಪಸ್ ಕಳ್ಸಿದಾರೆ ಅಕ್ಕಾ."

"ಯಾರು ಟೈಪ್ ಮಾಡಿದ್ದು ಇದನ್ನ?" ಅತ್ತೆ ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿದರು. "ನಮ್ಮ ಕಾಗದ ಅಲ್ಲ ಇದು."

"ಬಸ್ ಸ್ಟ್ಯಾಂಡ್ ಹತ್ರ ಮಾಡ್ಸಿದ್ದೆ. ಹೆರಿಗೆ ಕೇಸ್ ನೋಡ್ಕೊಂಡು ಬರ್ತಾ ದಾರೀಲೇ ಇತ್ತು ಅಂತ... ಫೈಲು ಈ ಪೆನ್ ಡ್ರೈವಲ್ಲಿದೆ."

"ದಾರೀಲಿ ಸಿಕ್ಕಿದ್ದು ದಾರಿಗೇ. ಇರ್ಲಿ, ಏನಂತೆ?"

ಕಚೇರಿಯವರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅರ್ಜಿದಾರಳ ಹೆಸರು ಒಂದು ಕಡೆ ತಂದೆಯ ಹೆಸರಿನೊಂದಿಗೆ, ಇನ್ನೊಂದು ಕಡೆ ಗಂಡನ ಹೆಸರಿನೊಂದಿಗೆ ಇದೆ. ಹುದ್ದೆ ಮೊದಲ ಪುಟದಲ್ಲಿ ಮಾಲೀಕರು, ಒಳಗೆ ಮುಖ್ಯ ದಾದಿ. ನೋಂದಣಿಯಲ್ಲಿರುವಂತೆ ಮೇಲ್ವಿಚಾರಕಿ ಎಂದಿರಬೇಕು. ಹಾಸಿಗೆ ಎಂಟು ಎಂದು ಬರೆದಿದೆ, ನಕ್ಷೆಯಲ್ಲಿ ಆರೇ ಇವೆ. ಬೆಂಕಿ ಸುರಕ್ಷತೆಯ ಪತ್ರವನ್ನು ಮೂರನೆಯ ಲಗತ್ತಾಗಿ ಸೇರಿಸಬೇಕು. ಅವತ್ತು ಕಚೇರಿ ಮುಚ್ಚುವುದರೊಳಗೆ ಮರಳಿ ಕೊಡಬೇಕು.

"ಇವತ್ತು ತಪ್ಪಿದ್ರೆ?" ನಾನು ಕೇಳಿದೆ.

"ಹಳೇ ಪರವಾನಗಿ ಸಾಯುತ್ತೆ. ಆಮೇಲೆ ಹೊಸಬರ ಥರ ಅರ್ಜಿ ಹಾಕ್ಬೇಕು. ಹೊಸಬರಿಗೆ ಅಗಲದ ಮೆಟ್ಟಿಲು ಬೇಕಂತೆ, ಎರಡು ಬಾಗ್ಲು ಬೇಕಂತೆ. ನನ್ನ ಮನೆ ಮೆಟ್ಟಿಲಲ್ಲಿ ಎದುರುಬದುರು ಇಬ್ಬರು ಬಂದ್ರೆ ಒಬ್ಬರು ಉಸಿರು ಹಿಡ್ಕೋಬೇಕು." ಸಿಸ್ಟರಮ್ಮ ನಗಲು ನೋಡಿದರು, ಆಗಲಿಲ್ಲ. "ಬೀಗ ಹಾಕೋದೇ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಆ ವರ್ಷ ಅವರು ಮೇಜನ್ನು ಕಿಟಕಿಯ ಬದಿಗೆ ಸರಿಸಿಕೊಂಡಿದ್ದರು. ಗಾಳಿ ಬೇಕು ಎಂದಿದ್ದರು.

"ಹುಡುಗಿ, ಶುರು ಮಾಡು. ಮೊದಲು ಲಗತ್ತಿನ ನಂಬರು. ಹಿಂದಿನಿಂದ ಬಾ."

ಹಿಂದಿನಿಂದ ಬರುವುದೂ ಅವರು ಕಲಿಸಿದ್ದೇ. ಆರು ಲಗತ್ತುಗಳ ನಡುವೆ ಹೊಸದೊಂದು ಮೂರನೆಯದಾಗಿ ಬಂದರೆ, ಮೊದಲು ಆರನೆಯದನ್ನು ಏಳು ಮಾಡಬೇಕು, ಆಮೇಲೆ ಐದನ್ನು ಆರು, ನಾಲ್ಕನ್ನು ಐದು, ಮೂರನ್ನು ನಾಲ್ಕು. ಮುಂದಿನಿಂದ ಹೊರಟು ಮೂರನ್ನು ನಾಲ್ಕು ಮಾಡಿದಿರೋ, ಎರಡು ನಾಲ್ಕುಗಳಾಗಿ, ಯಾವುದು ಹಳೆಯದು ಯಾವುದು ಹೊಸದು ತಿಳಿಯದೆ ಒಂದರ ಮೇಲೊಂದು ಬೀಳುತ್ತವೆ. "ಬಸ್ಸಿನ ಸೀಟಲ್ಲಿ ನಡುವೆ ಜಾಗ ಬೇಕು ಅಂದ್ರೆ ಕೊನೇಲಿ ಕೂತವನು ಮೊದಲು ಸರೀಬೇಕು," ಎನ್ನುತ್ತಿದ್ದರು.

ನಂಬರು ಸರಿಸಿದೆ. ಕೊನೆಯಲ್ಲಿದ್ದ ಪ್ರಮಾಣಪತ್ರ ಏಳನೆಯದಾಯಿತು. ಒಳಗೆ "ಲಗತ್ತು ಇಂಥದ್ದನ್ನು ನೋಡಿ" ಎಂದಿದ್ದ ಕಡೆಯೆಲ್ಲ ಸರಿಸಿದೆ. ಮೊದಲ ಪುಟದಲ್ಲಿ ಒಟ್ಟು ಆರು ಎಂದಿದ್ದದ್ದು ಏಳಾಯಿತು. ಹುದ್ದೆ ಎಲ್ಲ ಕಡೆ ಮೇಲ್ವಿಚಾರಕಿಯಾಯಿತು. ಆಮೇಲೆ ಹಾಸಿಗೆ.

"ಎಂಟು ಅಂತ ಇರೋದನ್ನೆಲ್ಲಾ ಒಂದೇ ಸಲ ಆರು ಮಾಡ್ಲಾ ಅತ್ತೆ? ಕಂಪ್ಯೂಟರೇ ಮಾಡುತ್ತೆ."

"ಅದಕ್ಕೆ ಗೊತ್ತಾ ಯಾವ ಎಂಟು ಹಾಸಿಗೆ, ಯಾವ ಎಂಟು ಬಕೆಟ್ಟು ಅಂತ? ಒಂದೊಂದೇ ಓದು."

ಓದಿದೆ. ಮಂಚ ಎಂಟು: ಆರು ಮಾಡು. ತೊಟ್ಟಿಲು ಎಂಟು? ಸಿಸ್ಟರಮ್ಮ, "ತೊಟ್ಟಿಲು ಎಂಟೇ ಇದೆ, ಅವಳಿ ಹುಟ್ಟಿದ್ರೆ ಬೇಕಲ್ಲ," ಎಂದರು. ಬಿಡು ಹಾಗಾದರೆ. ಹಾಸಿಗೆಗೆ ಇಷ್ಟೆಂದು ಲೆಕ್ಕ ಹಾಕಿದ ಶುಲ್ಕದ ಮೊತ್ತ: ಅದು ಹಾಸಿಗೆಯ ನೆಂಟ, ಅದನ್ನೂ ಆರರಿಂದ ಗುಣಿಸು. ಹಿಂದಿನ ಪರವಾನಗಿ ಎಂಟು ಹಾಸಿಗೆಗೆ ಕೊಟ್ಟದ್ದು ಎಂಬ ಸಾಲು ಬಂದಾಗ ನಾನು ತಿದ್ದಹೋದೆ. ಹ್ಞೂಂ ನಿಂತಿತು.

"ಹಳೇ ಪರವಾನಗೀಲಿ ಎಂಟೇ ಅಲ್ವಾ ಇರೋದು? ಆಗಿದ್ದನ್ನ ಇವತ್ತು ಬದಲಾಯ್ಸೋಕೆ ನಾವ್ಯಾರು? ಸತ್ತವರ ವಯಸ್ಸು ಪ್ರತಿ ವರ್ಷ ಹೆಚ್ಚಿಸ್ತಾರಾ?"

ಸಿಸ್ಟರಮ್ಮ ಈಗ ನಿಜವಾಗಿಯೇ ನಕ್ಕರು. "ಅಕ್ಕಾ, ನೀವು ನಮ್ಮಲ್ಲಿಗೆ ಬಂದುಬಿಡಿ. ಮಕ್ಕಳು ನಿಮಗೆ ಹೆದರಿ ತಾವೇ ಹೊರಗೆ ಬರ್ತಾವೆ."

"ನನ್ನ ಮಗ ಬರೋಕೆ ಎರಡು ದಿನ ತಗೊಂಡ. ನನಗೆ ಹೆದರೋನಲ್ಲ ಅವನು. ಇವಳಿಗೆ ಹೆದರ್ತಾನೆ ಈಗ."

"ನಿಮ್ಮ ಮಗ ನನಗೆ ಹೆದರ್ತಾರಾ ಅತ್ತೆ? ನೆಲ ಒರೆಸಿ ಅಂದ್ರೆ ಬೆನ್ನು ನೋವು ಅಂತಾರೆ."

"ಅದು ಹೆದರಿಕೆ ಕಣೇ. ಹೆದರಿಕೆ ಬೆನ್ನಲ್ಲೇ ಇರೋದು."

ಹೆಸರಿನ ಸುತ್ತು ಬಂತು. ಅರ್ಜಿದಾರಳ ಹೆಸರು ಎಲ್ಲ ಕಡೆ ಗಂಡನ ಹೆಸರಿನೊಂದಿಗೆ, ನೋಂದಣಿ ಪತ್ರದಲ್ಲಿದ್ದ ಹಾಗೆ. ಮೊದಲ ಪುಟ, ಎರಡನೆಯ ಪುಟ, ಸಹಿಯ ಕೆಳಗೆ. ನಾಲ್ಕನೆಯ ಪುಟದಲ್ಲಿ ತರಬೇತಿ ಸರ್ಟಿಫಿಕೇಟಿನ ಸಾಲು: ಇಂಥವರ ಹೆಸರಿನಲ್ಲಿರುವ ಪತ್ರ, ಲಗತ್ತು ನಾಲ್ಕು. ಅಲ್ಲಿ ತಂದೆಯ ಹೆಸರಿತ್ತು. ಕೊನೆಯ ಪುಟದ ಲಗತ್ತು ಪಟ್ಟಿಯಲ್ಲೂ ಹಾಗೇ.

"ಅತ್ತೆ, ಇಲ್ಲಿ ತಂದೆ ಹೆಸರಿದೆ. ಸರ್ಟಿಫಿಕೇಟಲ್ಲಿ ಯಾವ್ದಿದೆ ನೋಡಿ."

ಅತ್ತೆ ಲಗತ್ತುಗಳ ರಾಶಿಯಲ್ಲಿ ಕೈಯಾಡಿಸಿ, ದಪ್ಪ ಕಾಗದ ಒಂದನ್ನು ಎಳೆದು ಕಿಟಕಿಗೆ ಹಿಡಿದರು. ಹಸಿರು ಅಂಚು, ಕೆಳಗೆ ಉಬ್ಬು ಮೊಹರು. ಹೆಬ್ಬೆರಳಿನಿಂದ ಆ ಮೊಹರನ್ನು ಸವರಿದರು.

"ಗಂಡನ ಹೆಸರೇ ಇದೆ. ಬದಲಾಯಿಸು."

ಬದಲಾಯಿಸಿದೆ, ಎರಡೂ ಕಡೆ. ಅತ್ತೆ ನೋಡಿ ಹೇಳಿದ ಮೇಲೆ ಇನ್ನೊಮ್ಮೆ ನೋಡುವ ಪದ್ಧತಿ ನಮ್ಮ ಅಂಗಡಿಯಲ್ಲಿರಲಿಲ್ಲ.

ಪ್ರಿಂಟು ಹೊರಬೀಳುತ್ತಿತ್ತು. ಆ ಕಡೆ ಅತ್ತೆ ಮುಟ್ಟುವ ಸುತ್ತು ನಡೆಸಿದ್ದರು. "ಒಂದು, ಹಳೇ ಪರವಾನಗಿ. ಎರಡು, ನಕ್ಷೆ. ಮೂರು, ಬೆಂಕಿದು..." ದನಿ ಎಂದಿನಂತೆ ಗಟ್ಟಿಯಾಗಿತ್ತು. ಸಿಸ್ಟರಮ್ಮ ಪ್ರತಿ ಪುಟದ ಕೆಳಗೆ ಸಹಿ ಹಾಕಿದರು. ಕಟ್ಟಿಗೆ ದಾರ ಹಾಕಿದ್ದಾಯಿತು. ಎದುರಿನ ಕಚೇರಿಯ ಜವಾನ ಆಗಲೇ ಹೊರಗಿನ ಬೆಂಚುಗಳನ್ನು ಒಳಗೆ ಎಳೆಯುತ್ತಿದ್ದ.

ಸಿಸ್ಟರಮ್ಮ ಕಟ್ಟನ್ನು ಎದೆಗೊತ್ತಿಕೊಂಡು ಬಾಗಿಲವರೆಗೆ ಹೋದವರು ನಿಂತರು.

"ಎಲ್ಲಾ ಕಡೆ ನಮ್ಮನೆಯವರ ಹೆಸರೇ ಆಯ್ತು, ಅಲ್ವಾ? ನಮ್ಮಪ್ಪ ಸೈಕಲ್ ಮಾರಿ ನನ್ನ ತರಬೇತಿಗೆ ಕಳ್ಸಿದ್ರು. ಈಗ ಅವರ ಹೆಸರು ಉಳ್ಕೊಂಡಿರೋದು ಆ ಒಂದು ಸರ್ಟಿಫಿಕೇಟಲ್ಲಿ ಮಾತ್ರ. ಇಲ್ಲಿರೋದು ಮೊಹರು ಒತ್ತಿ ಕೊಟ್ಟ ಎರಡನೇ ಪ್ರತಿ, ಅಸಲಿಗೆ ಮನೇಲಿ ಗಾಜಿನ ಕಟ್ಟು ಹಾಕ್ಸಿದೀನಿ."

ಅವರು ಸುಮ್ಮನೆ ಆಡಿದ ಮಾತು. ನಾನು ಮಾತ್ರ ಅವರ ಎದೆಗೊತ್ತಿದ್ದ ಕಟ್ಟನ್ನೇ ನೋಡಿದೆ. ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರಿದೆ. ನಮ್ಮ ನಾಲ್ಕನೆಯ ಪುಟ ಗಂಡನ ಹೆಸರು ಹೇಳುತ್ತದೆ. ಕೊನೆಯ ಪುಟವೂ ಅದನ್ನೇ ಹೇಳುತ್ತದೆ. ಎರಡೂ ಹೆಸರು ಒಬ್ಬಳದೇ ಎಂದು ಪ್ರಮಾಣ ಮಾಡಿದ ಏಳನೆಯ ಲಗತ್ತು ಯಾಕೆ ಬೇಕಾಗಿತ್ತೆಂದೇ ಆಗ ತಿಳಿಯುವುದಿಲ್ಲ. ಹೆಸರಿಗಾಗಿಯೇ ವಾಪಸು ಕಳಿಸಿದವರು ಮೊದಲು ನೋಡುವುದು ಅದನ್ನೇ.

ಅತ್ತೆಯ ಕಡೆ ತಿರುಗಿದೆ. ಅವರು ಸಿಸ್ಟರಮ್ಮನ ಮಾತು ಬಂದ ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಆದರೆ ಸಿಸ್ಟರಮ್ಮ ಅಷ್ಟರಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರು. ಅತ್ತೆಯ ಮುಖ ಸರಿದಿರಲಿಲ್ಲ.

ಆಗ ಒಂದೊಂದಾಗಿ ಎಲ್ಲ ಜೋಡಿಕೊಂಡವು. ಕಿಟಕಿಯ ಬದಿಗೆ ಬಂದ ಮೇಜು. ಟೀ ಬಸಿಯುವಾಗ ಲೋಟದೊಳಗೆ ಇಳಿಯುವ ತೋರುಬೆರಳು. ಗಿರಾಕಿ ಬಾಯಿ ಬಿಡುವವರೆಗೂ ಅವರ ಹೆಸರು ಹಿಡಿದು ಕರೆಯದಿರುವುದು. ನೋಂದಣಿ ಪತ್ರಕ್ಕೂ ತರಬೇತಿ ಪತ್ರಕ್ಕೂ ಅದೇ ದಪ್ಪ ಕಾಗದ, ಅದೇ ಹಸಿರು ಅಂಚು, ಅದೇ ಉಬ್ಬು ಮೊಹರು. ಅತ್ತೆ ಕೈಗೆ ಸಿಕ್ಕ ನೋಂದಣಿ ಪತ್ರವನ್ನೇ ತರಬೇತಿ ಪತ್ರವೆಂದು ಎತ್ತಿ, ಹೇಗೋ ಕಷ್ಟಪಟ್ಟು ಓದಿದ್ದರು. ಇಲ್ಲವೇ ಓದಿರಲೇ ಇಲ್ಲ.

ಗಿರಾಕಿಯ ಮುಂದೆ ಅತ್ತೆಗೆ ತಪ್ಪು ಎನ್ನುವುದೇ? ಆ ಬೀದಿಯಲ್ಲಿ ಅವರ ಮಾತಿಗೆ ಇದ್ದ ಬೆಲೆ ಮೊಹರಿಗಿರಲಿಲ್ಲ. ಹೇಳದೆ ಬಿಡುವುದೇ? ಹೆರಿಗೆ ಮನೆಗೆ ಬೀಗ.

"ಸಿಸ್ಟರಮ್ಮ, ಒಂದು ನಿಮಿಷ," ಎಂದೆ. "ನಾಲ್ಕನೇ ಪುಟ, ಕೊನೇ ಪುಟ ಮಸುಕಾಗಿ ಬಂದಿದೆ. ಪ್ರಿಂಟರ್ ಹಾಳಾದ್ದು. ಮತ್ತೆ ತೆಗೀತೀನಿ. ಎರಡು ಸಹಿ ಇನ್ನೊಂದು ಸಲ ಹಾಕ್ಬೇಕು."

"ಚೆನ್ನಾಗೇ ಕಾಣ್ತಿದೆಯಲ್ಲಮ್ಮ?"

"ಅಲ್ಲಿನ ಸಾಹೇಬ್ರಿಗೆ ಮಸುಕು ಅಂದ್ರೆ ಆಗಲ್ಲ."

ಅತ್ತೆಯ ಕಡೆಯಿಂದ ಹ್ಞೂಂ ಕೂಡ ಇಲ್ಲ.

ದಾರ ಬಿಚ್ಚಿದೆ. ನಾಲ್ಕನೆಯ ಲಗತ್ತನ್ನು ಹಾಳೆಯ ಪಕ್ಕದಲ್ಲೇ ಇಟ್ಟುಕೊಂಡು, ಅದರಲ್ಲಿದ್ದ ಹಾಗೇ ತಂದೆಯ ಹೆಸರನ್ನು ಎರಡೂ ಪುಟಗಳಲ್ಲಿ ಮರಳಿಸಿದೆ. ಸುಮ್ಮನೆ ಬಿಡಲಿಲ್ಲ, ಪಕ್ಕದಲ್ಲಿ, ಏಳನೆಯ ಲಗತ್ತಿನಂತೆ ಇಬ್ಬರೂ ಒಬ್ಬರೇ, ಎಂದು ಒಂದು ಮಾತು ಸೇರಿಸಿದೆ. ಸಾಲು ಜಾರಿ ಮುಂದಿನ ಪುಟಕ್ಕೆ ಹೋಗಿಲ್ಲ ತಾನೆ ಎಂದು ನೋಡಿದೆ. ಬೇರೆ ನೆಂಟರು ಯಾರಾದರೂ ಉಳಿದಿದ್ದಾರೆಯೇ ಎಂದು ಪೂರ್ತಿ ಹುಡುಕಿದೆ. ಇರಲಿಲ್ಲ. ಹಳೆಯ ಎರಡು ಹಾಳೆಗಳನ್ನು ಅಲ್ಲೇ ನಾಲ್ಕು ಚೂರು ಮಾಡಿದೆ. ತಿದ್ದದಿರುವುದಕ್ಕಿಂತ, ತಿದ್ದುವ ಮೊದಲಿನ ಹಾಳೆ ಕಟ್ಟಿನೊಳಗೆ ಉಳಿಯುವುದೇ ಹೆಚ್ಚು ಕೆಡುಕು. ಸಿಸ್ಟರಮ್ಮ ನಿಂತಲ್ಲೇ ಸಹಿ ಹಾಕಿ, ಸೀರೆ ಎತ್ತಿ ಹಿಡಿದು ಬೀದಿ ದಾಟಿದರು. ಕಚೇರಿಯ ಬಾಗಿಲು ಅರ್ಧ ಮುಚ್ಚಿತ್ತು. ಜವಾನ ತಡೆಯಲು ಕೈ ಅಡ್ಡ ಹಿಡಿದ. ಸಿಸ್ಟರಮ್ಮ ಏನೋ ಹೇಳಿದ್ದು ಕಂಡಿತು. ಅವನು ಕೈ ಇಳಿಸಿದ.

ಆಮೇಲೆ ತಿಳಿಯಿತು ಅವರು ಹೇಳಿದ್ದು: "ನೀನು ಹುಟ್ಟಿದಾಗ ಕಾಲು ಮೊದಲು ಬಂದಿತ್ತು. ಆಗ ನಾನೇನು ಅಡ್ಡ ಹಿಡಿದಿದ್ನಾ?"

ಅಂಗಡಿಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಅತ್ತೆ ಖಾಲಿ ಮೇಜಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡಿದ್ದರು.

"ಪ್ರಿಂಟು ಮಸುಕಾಗಿರ್ಲಿಲ್ಲ," ಎಂದರು.

"ಇಲ್ಲ ಅತ್ತೆ."

"ಸರ್ಟಿಫಿಕೇಟಾ?"

"ಹೌದು."

"ಎರಡಕ್ಕೂ ಒಂದೇ ಮೊಹರು. ಹಾಳಾದೋರು, ಬೇರೆ ಬೇರೆ ಮಾಡೋಕೆ ಏನಾಗಿತ್ತು?" ಅಂಗೈಗಳನ್ನು ಮೇಜಿನಿಂದ ಮಡಿಲಿಗೆ ಎಳೆದುಕೊಂಡರು. "ಎರಡು ವರ್ಷ ಆಯ್ತು ಕಣೇ. ನಡುವೆ ಸ್ವಲ್ಪ ಕಾಣುತ್ತೆ. ಸುತ್ತಲೂ ಹೊಗೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಮನೇಲಿ ಕೂರಿಸ್ತಿದ್ರಿ. ಮನೇಲಿ ಕೂತು ಏನು ಮಾಡ್ಲಿ? ಗೋಡೆಗಳನ್ನ ತಾಳೆ ನೋಡ್ಲಾ?"

ಎದ್ದು ಹೋಗಿ ಅವರ ಪಕ್ಕ ನಿಂತೆ. ಏನು ಹೇಳಬೇಕೆಂದು ತಿಳಿಯದಿದ್ದಾಗ ಕೆಲಸದ ಮಾತು ಆಡುವುದನ್ನೂ ಅವರಿಂದಲೇ ಕಲಿತದ್ದು.

"ಹೆಸರು, ಹುದ್ದೆ, ಅಂಕಿ ಕೇಳೋಕೆ ಕಿವಿ ಸಾಕಲ್ಲ ಅತ್ತೆ. ಮೂರು ಸುತ್ತು ನಿಮ್ಮದೇ. ಮುಟ್ಟೋ ಸುತ್ತು ನನಗೆ ಕೊಡಿ."

"ಮತ್ತೆ ಊಟದ ಬೆಲೆ?"

"ಮುಕ್ಕಾಲು ಊಟ ನಿಮಗೆ, ಕಾಲು ನನಗೆ."

"ಅರ್ಧ ತಗೋ. ಮುಟ್ಟೋದೇ ಕಷ್ಟ." ಕುರ್ಚಿಯ ತಗ್ಗಾದ ಕೈ ಹಿಡಿದು ಎದ್ದರು. "ಕೂತ್ಕೋ ಇಲ್ಲಿ. ಬೆಳಕು ಈ ಕಡೆ ಇದೆ. ನನಗೆ ಬೆಳಕು ಕೊಟ್ಟು ಏನು ಪ್ರಯೋಜನ?"

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಔಷಧಿಯಲ್ಲಿ ಕಾಪಾಡಿಕೊಳ್ಳಿ ಎಂದರು. ಅತ್ತೆ ಹೊರಗೆ ಬಂದು, "ಹಳೇ ಪರವಾನಗಿ ಎಂಟೇ, ಈಗಿಂದು ಆರು," ಎಂದರು. ಅವರ ಮಗ ಅರ್ಥವಾಗದೆ ನನ್ನ ಮುಖ ನೋಡಿದರು.

ಅದಾದ ಮೇಲೂ ಬಹಳ ಕಾಲ ನಾವಿಬ್ಬರೂ ಜಾಗ ಬದಲಾಯಿಸಿಕೊಂಡು ಕೆಲಸ ಮಾಡಿದೆವು. ಅವರು ಬಾಗಿಲ ಬದಿಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಕಿವಿ ಎಷ್ಟು ಚುರುಕಾಗಿತ್ತೆಂದರೆ ಏಳು ಪುಟದ ಹಿಂದೆ ನಾನು ಓದಿದ ಮೊತ್ತವನ್ನು ನೆನಪಿಟ್ಟು ಹ್ಞೂಂ ನಿಲ್ಲಿಸುತ್ತಿದ್ದರು. ಗಿರಾಕಿಗಳು ಅಜ್ಜಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಪಿಸುಗುಟ್ಟುತ್ತಿದ್ದರು. ಅಂಥವರಿಗೆ ಅವರು ಕಣ್ಣು ತೆರೆಯದೆಯೇ, "ಮೂರನೇ ಲಗತ್ತು ಇನ್ನೂ ನಿಮ್ಮ ಚೀಲದಲ್ಲೇ ಇದೆ, ತೆಗೀರಿ," ಎಂದು ಬೆಚ್ಚಿ ಬೀಳಿಸುತ್ತಿದ್ದರು.

ಈಗ ಜನ ಕಾಗದವನ್ನು ಮೊಬೈಲಿನಲ್ಲೇ ಕಳಿಸುತ್ತಾರೆ. ಮೊಹರು ಕೆತ್ತುವವನ ಗೂಡಿನಲ್ಲಿ ಹೂವಿನ ಅಂಗಡಿಯಿದೆ. ನಾನು ಮುಟ್ಟಲು ಏನೂ ಇಲ್ಲದಾಗಲೂ ಪ್ರತಿ ಲಗತ್ತನ್ನು ತೆರೆದು, ಪರದೆಯ ಮೇಲೆ ಬೆರಳಿಟ್ಟು, ಹೆಸರು, ತಾರೀಖು ಜೋರಾಗಿ ಓದುತ್ತೇನೆ. ನಿಲ್ಲಿಸುವವರಿಲ್ಲ, ನಾನೇ ನಿಲ್ಲಿಸಿಕೊಳ್ಳಬೇಕು.

ಸಿಸ್ಟರಮ್ಮನ ಪರವಾನಗಿ ಬಂತು. ಆರು ಹಾಸಿಗೆ, ಎಂಟು ತೊಟ್ಟಿಲು. ನನ್ನ ಮೂರನೆಯವಳು ಅಲ್ಲೇ ಹುಟ್ಟಿದಳು. ಅವಳನ್ನು ಅತ್ತೆಯ ಕೈಗಿಟ್ಟಾಗ ಅವರು ಒಂದೊಂದೇ ಬೆರಳು ಮುಟ್ಟಿ ಎಣಿಸಿ, ಸರಿಯಾಗಿದೆ ಎಂದರು. ಅವಳ ಮುಖವನ್ನು ಅವರು ನೋಡಲಿಲ್ಲ.

ಒಂದು ಹೆರಿಗೆ ಮನೆ ಉಳಿಯಿತು. ತಾಳೆ ನೋಡುವ ಕುರ್ಚಿ ನನ್ನದಾಯಿತು. ಎದುರಿನ ಹ್ಞೂಂ ಹೋಯಿತು.